ಅರ್ಧ ಹಿಡ್ಕೊಳ್ಳಿ

ಉಚಿತ ಕಾರ್ಯಾಗಾರಕ್ಕೆ ನೂರು ಹೆಸರು ನೋಂದಣಿಯಾಗಿವೆ, ಎಷ್ಟು ಕುರ್ಚಿ ಹಾಕಿಸೋಣ ಎಂದು ಕೇಳಿದ ತಕ್ಷಣ ‘ಅರ್ಧ ಹಿಡ್ಕೊಳ್ಳಿ’ ಎನ್ನುವವರೊಬ್ಬರು ಪ್ರತಿ ಸಮಿತಿಯಲ್ಲೂ ಇರುತ್ತಾರೆ. ಅವರ ಮಾತು ಸುಳ್ಳೆಂದು ಸಿಟ್ಟಲ್ಲ, ಎಷ್ಟೋ ಸಲ ನಿಜದ ಹತ್ತಿರವೇ ಇರುತ್ತದೆ. ಯಾವುದರ ಅರ್ಧ ಎಂದು ಕೇಳಿದರೆ ಮಾತ್ರ ಮುಖ ಆ ಕಡೆ ತಿರುಗುತ್ತದೆ.

ವಾರದ ಮುಂಚೆ ಪಟ್ಟಿಯಲ್ಲಿ ಎಪ್ಪತ್ತು ಹೆಸರು, ನೋಂದಣಿ ಮುಗಿದ ದಿನ ನೂರು. ಹಿಂದಿನ ಸಲ ಶೇಕಡಾ ಎಷ್ಟು ಮಂದಿ ಬಂದರೆಂಬ ಲೆಕ್ಕ ಕೊನೆಯ ದಿನದ ಪಟ್ಟಿಯ ಮೇಲೆ ಹಾಕಿದ್ದಾದರೆ ಅದನ್ನು ಎಪ್ಪತ್ತಕ್ಕೆ ಹಚ್ಚುವಂತಿಲ್ಲ. ಬಂದವರ ಎಣಿಕೆಯಲ್ಲೂ ಇದೇ ರಗಳೆ. ಯಾರೋ ಹಿಂದಿನ ಸಾಲಿನಲ್ಲಿ ನಿಂತು ತಲೆ ಎಣಿಸಿ 66 ಎಂದು ಬರೆದಿರುತ್ತಾರೆ. ಅದರಲ್ಲಿ ನಾಲ್ವರು ಕಾರ್ಯಕರ್ತರು, ಆರು ಮಂದಿ ನೋಂದಣಿಯೇ ಇಲ್ಲದೆ ಒಳಬಂದವರು. ನೋಂದಾಯಿಸಿ ಬಂದವರು 56 ಮಾತ್ರ. ಬಾಗಿಲಲ್ಲಿ ಪಟ್ಟಿಗೆ ಗುರುತು ಹಾಕದಿದ್ದರೆ ಇದು ಯಾವ ಜನ್ಮಕ್ಕೂ ತಿಳಿಯದು.

ನಾಲ್ಕು ಉಚಿತ ಕಾರ್ಯಾಗಾರಗಳ ಸರಿಯಾದ ಪಟ್ಟಿ ಕೈಯಲ್ಲಿದೆ ಎನ್ನೋಣ. 120 ಮಂದಿಯಲ್ಲಿ 66, 90ರಲ್ಲಿ 59, 150ರಲ್ಲಿ 66, 100ರಲ್ಲಿ 60. ಒಟ್ಟು 460ಕ್ಕೆ 251, ಸುಮಾರು ಶೇ. 55. ಇಲ್ಲಿಗೇ ಕೈ ತೊಳೆದುಕೊಳ್ಳುವವರು ಬಹಳ. ನೋಂದಣಿಯ ದಿನಾಂಕದ ಕಾಲಂ ಕಡೆಗೊಮ್ಮೆ ಕಣ್ಣು ಹಾಯಿಸಿದರೆ ಬೇರೆಯೇ ಕಥೆ. ಎರಡು ವಾರಕ್ಕಿಂತ ಮುಂಚೆ ಹೆಸರು ಕೊಟ್ಟವರು 280, ಬಂದವರು 118. ಆಮೇಲೆ ಕೊಟ್ಟವರು 180, ಬಂದವರು 133. ಮೊದಲಿನವರದು ಶೇ. 42, ಎರಡನೆಯವರದು ಶೇ. 74. ತಿಂಗಳ ಹಿಂದೆ ‘ಖಂಡಿತ’ ಎಂದವನಿಗೆ ಆ ದಿನದ ಸಂಗತಿ ಏನೂ ಗೊತ್ತಿರುವುದಿಲ್ಲ. ನಿನ್ನೆ ಹೆಸರು ಕೊಟ್ಟವನಿಗೆ ಗೊತ್ತಿರುತ್ತದೆ. ಹೊಸ ಪಟ್ಟಿಯ ನೂರರಲ್ಲಿ ಮುಂಚೆ ಹೆಸರು ಕೊಟ್ಟವರು 70, ಆಮೇಲೆ ಕೊಟ್ಟವರು 30 ಆದರೆ 52 ಮಂದಿ ಬಂದಾರು. ಅದೇ ನೂರು ತಿರುಗಾಮುರುಗಾ ಆದರೆ 64. ನೂರು ನೂರೇ, ಕುರ್ಚಿ ಮಾತ್ರ ಹನ್ನೆರಡು ಹೆಚ್ಚು.

ಈ ಲೆಕ್ಕದಲ್ಲಿ ಪಳಗಿದವರು ವಿಮಾನ ಕಂಪನಿಯವರು. ಬಾರದವರ ಜಾಗ ಖಾಲಿ ಹೋಗದಿರಲೆಂದು ಸೀಟಿಗಿಂತ ಹೆಚ್ಚು ಟಿಕೆಟ್ ಕೊಡುತ್ತಾರೆ. 1972ರ ಏಪ್ರಿಲ್‌ನಲ್ಲಿ ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನಾಡರ್ ವಾಷಿಂಗ್ಟನ್‌ನಿಂದ ಹಾರ್ಟ್‌ಫರ್ಡ್‌ಗೆ ಅಲೆಗೆನಿ ವಿಮಾನದಲ್ಲಿ ಜಾಗ ಕಾದಿರಿಸಿದ್ದರು. ಹೋಗಿ ನೋಡಿದರೆ ವಿಮಾನ ತುಂಬಿತ್ತು. ಅಮೆರಿಕದಲ್ಲಿ ಹೊರಗೆ ನಿಲ್ಲಿಸಬಾರದ ಮನುಷ್ಯನೊಬ್ಬನಿದ್ದರೆ ಅವರೇ. ಬಾಸ್ಟನ್‌ಗೆ ಹಾರಿ ಅಲ್ಲಿಂದ ಕಾರಿನಲ್ಲಿ ಹೋದರು, ಹೋದವರು ಸುಮ್ಮನಿರದೆ ದಾವೆ ಹೂಡಿದರು. ಟಿಕೆಟ್ ಹೆಚ್ಚು ಕೊಡುತ್ತೇವೆಂಬುದನ್ನು ಮುಚ್ಚಿಟ್ಟರೆ ಅದರ ಮೇಲೆ ಮೊಕದ್ದಮೆ ನಡೆಯಬಹುದೆಂದು 1976ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪರಿಹಾರವೋ, 1968ರಲ್ಲೇ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಬರೆದಿಟ್ಟಿದ್ದರು. ಎಷ್ಟು ಕೊಟ್ಟರೆ ಈ ವಿಮಾನ ಬಿಡುತ್ತೀರಿ ಎಂದು ಪ್ರಯಾಣಿಕರಿಂದಲೇ ಲಕೋಟೆಯಲ್ಲಿ ಬರೆಸಿಕೊಳ್ಳಿ, ಕಡಿಮೆ ಕೇಳಿದವರನ್ನು ಇಳಿಸಿ ಎಂದು. ಕಂಪನಿಗಳಿಗೆ ರುಚಿಸಲಿಲ್ಲ. ಮೊದಲು ಸ್ವಇಚ್ಛೆಯಿಂದ ಬಿಟ್ಟುಕೊಡುವವರನ್ನು ಕೇಳಿ ಎಂಬ ನಿಯಮ ಬಂದದ್ದು 1978ರಲ್ಲಿ. ಹತ್ತು ವರ್ಷ!

ಕಾರ್ಯಾಗಾರಕ್ಕೆ ಲಕೋಟೆ ಬೇಡ, ಕುರ್ಚಿ ಸಾಕು. ಮೇಲಿನ 150ರ ಸಾಲನ್ನು ಮತ್ತೆ ನೋಡಿ. ಶೇ. 55ರ ಲೆಕ್ಕಕ್ಕೆ 82 ಬರಬೇಕಿತ್ತು, ಬಂದದ್ದು 66. ಒಬ್ಬೊಬ್ಬರೂ ತಮ್ಮಷ್ಟಕ್ಕೆ ತಾವೇ ತೀರ್ಮಾನಿಸುವಂತಿದ್ದರೆ ಹನ್ನೆರಡರವರೆಗೆ ಏರುಪೇರು ಸಹಜ, ಹದಿನಾರು ಅದೃಷ್ಟದ ಮೇಲೆ ಹೊರಿಸಲು ಜಾಸ್ತಿಯಾಯಿತು. ಜನ ಗುಂಪಾಗಿ ಬರುತ್ತಾರೆ, ಗುಂಪಾಗಿ ಕೈಕೊಡುತ್ತಾರೆ. ಬೆಳಗ್ಗೆಯೇ ಮಳೆ ಹಿಡಿದರೆ ಎಲ್ಲರ ಕಿಟಕಿಗೂ ಅದೇ ಮಳೆ. ಒಂದೇ ಕಚೇರಿಯ ಇಮೇಲ್‌ನಿಂದ ಎಂಟು ಹೆಸರು ಬಂದಿದ್ದರೆ ಅದನ್ನು ಎಂಟೆಂದು ನಂಬಬೇಡಿ. ಅಂದು ಅಲ್ಲೊಂದು ತುರ್ತು ಮೀಟಿಂಗ್ ಬಿದ್ದರೆ ಎಂಟೂ ಸೊನ್ನೆ.

ಆದ್ದರಿಂದ 52ರ ಅಂದಾಜಿಗೆ ಐವತ್ತು ಕುರ್ಚಿ ಹಾಕಿ, ಹದಿನೈದನ್ನು ಮಡಚಿ ಹಿಂದಿನ ಗೋಡೆಗೆ ಒರಗಿಸಿಡುವುದು ಮೇಲು. ಮುದ್ರಿಸಿದ ಕೈಪಿಡಿ ಮಾತ್ರ 65 ಇರಲಿ. ಕುರ್ಚಿಯನ್ನು ಗೋಡೆಯಿಂದ ಎಳೆದು ತರಬಹುದು, ಕೈಪಿಡಿಯನ್ನು ಆ ಗಳಿಗೆಯಲ್ಲಿ ಎಲ್ಲಿಂದ ತರುತ್ತೀರಿ?

ಇಷ್ಟೆಲ್ಲ ಗುಣಿಸಿ ಭಾಗಿಸಿದ ಮೇಲೆ ಆ ದಿನ 51 ಮಂದಿ ಬಂದು ಕೂತರೆ, ಸಮಿತಿಯ ಆ ಮಹಾಶಯರು ಹೇಳಿಕಳಿಸುತ್ತಾರೆ: ‘ನಾನು ಹೇಳಿರಲಿಲ್ವಾ?’ ಹೇಳಿಕಳಿಸುವುದು ಏಕೆಂದರೆ ಅವರು ಬಂದಿರುವುದಿಲ್ಲ. ಪಟ್ಟಿಯಲ್ಲಿ ಅವರ ಹೆಸರು ಎರಡು ಸಲ ಇದೆ.