ಸಹಿ ಹಾಕುವ ದಿನದ ಲೆಕ್ಕ, ತಡವಾದ ದಿನದ ಲೆಕ್ಕ

ಇಂಗ್ಲೆಂಡಿನಲ್ಲಿ ಖರೀದಿ ಕರಾರುಗಳ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ಪೆದ್ದು ಕೆಲಸ ಮಾಡಿದೆ. ಒಂದು ಲಕ್ಷ ಪೌಂಡಿನ ಪಂಪ್ ಸಪ್ಲೈ. ತಡವಾದರೆ ದಿನಕ್ಕೆ ಶೇ 1 ಮುರಿದುಕೊಳ್ಳುತ್ತೇವೆ ಅಂತ ಕರಡಿನಲ್ಲಿ ಬರೆದೆ. ಗರಿಷ್ಠ ಮಿತಿ ಹಾಕಲಿಲ್ಲ. ಸಾಲದ್ದಕ್ಕೆ, ‘ಇದು ಪೆನಾಲ್ಟಿ ಅಲ್ಲ, ಲಿಕ್ವಿಡೇಟೆಡ್ ಡ್ಯಾಮೇಜಸ್’ ಅಂತ ಒಂದು ಸಾಲೂ ಸೇರಿಸಿದೆ. ಅಂದರೆ ಹೆದರಿಸೋಕೆ ಹಾಕಿದ ದಂಡ ಅಲ್ಲ, ನಷ್ಟಕ್ಕೆ ಮೊದಲೇ ಒಪ್ಪಿಕೊಂಡ ಪರಿಹಾರ ಅಂತ. ಜಾಸ್ತಿ ಆಯ್ತು ಅನಿಸಿದರೆ ಕೋರ್ಟೇ ಕಡಿಮೆ ಮಾಡುತ್ತೆ ಬಿಡು ಅನ್ನೋದು ನನ್ನ ಎಣಿಕೆ. ಹಿರಿಯ ಸಹೋದ್ಯೋಗಿ ಓದಿ ನಕ್ಕರು. ‘ಇಲ್ಲಿ ಕಡಿಮೆ ಮಾಡಲ್ಲ, ಷರತ್ತನ್ನೇ ಕಿತ್ತು ಹಾಕ್ತಾರೆ’ ಅಂದರು.

ನನ್ನ ಎಣಿಕೆ ಭಾರತದ್ದು. ನಮ್ಮ 1872ರ ಕರಾರು ಕಾಯ್ದೆಯ 74ನೇ ಕಲಂ ದಂಡ, ಪರಿಹಾರ ಅಂತ ಭೇದ ಮಾಡುವುದಿಲ್ಲ. ಕರಾರಿನಲ್ಲಿ ಬರೆದ ಮೊತ್ತ ಬರೀ ಮೇಲ್ಮಿತಿ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟು ಅಂತ ಕೋರ್ಟು ನೋಡುತ್ತೆ. ಅಂದರೆ ಲೆಕ್ಕ ನಡೆಯುವುದು ಕರಾರು ಮುರಿದ ಮೇಲೆ.

ಇಂಗ್ಲೆಂಡಿನಲ್ಲಿ ನೋಡುವುದು ಸಹಿ ಹಾಕಿದ ದಿನವನ್ನು. 1915ರ ಡನ್ಲಪ್ ಟೈರ್ ಪ್ರಕರಣದಿಂದ ಬಹಳ ಕಾಲ ಕೇಳುತ್ತಿದ್ದ ಪ್ರಶ್ನೆ ಒಂದೇ: ಆ ದಿನ ನಷ್ಟವನ್ನು ಪ್ರಾಮಾಣಿಕವಾಗಿ ಅಂದಾಜು ಮಾಡಿದ್ದರಾ? 2015ರಲ್ಲಿ ಮಕ್ದೆಸ್ಸಿ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದನ್ನು ಸಡಿಲಿಸಿತು. ಬರೆದ ಮೊತ್ತ, ಕೊಳ್ಳುವವನ ನ್ಯಾಯವಾದ ಹಿತಕ್ಕೆ ಹೋಲಿಸಿದರೆ ತೀರಾ ಅತಿಯಾಗಿದೆಯಾ ಅನ್ನೋದು ಈಗಿನ ಪ್ರಶ್ನೆ. ಅತಿಯಲ್ಲದಿದ್ದರೆ ಪೂರ್ತಿ ಮೊತ್ತ ಸಿಗುತ್ತೆ. ಅತಿಯಾದರೆ ಷರತ್ತೇ ಸತ್ತಂತೆ. ಆಮೇಲೆ ನಿಮ್ಮ ನಷ್ಟವನ್ನು ಬಿಲ್ಲು ಹಿಡಿದು ನೀವೇ ತೋರಿಸಬೇಕು. ‘ಪೆನಾಲ್ಟಿ ಅಲ್ಲ’ ಅಂತ ಹಣೆಪಟ್ಟಿ ಅಂಟಿಸಿದರೆ ಉಪಯೋಗವಿಲ್ಲ. ಆ ವಿಷಯದಲ್ಲಿ ಎರಡೂ ದೇಶ ಒಂದೇ.

ನನ್ನ ಕರಡನ್ನೇ ತಗೊಳ್ಳಿ. ಪಂಪ್ ಆರು ವಾರ ತಡ ಅಂದುಕೊಳ್ಳೋಣ. 42 ದಿನ, 42 ಸಾವಿರ ಪೌಂಡ್. ನಿಜವಾದ ನಷ್ಟ? ಬಾಡಿಗೆ ಪಂಪಿಗೆ ಕೊಟ್ಟ 4 ಸಾವಿರ. ಇಂಗ್ಲೆಂಡಿನಲ್ಲಿ ಷರತ್ತು ಬಿದ್ದುಹೋಗಿ, ಸಾಬೀತಾದ 4 ಸಾವಿರ ಸಿಗುತ್ತೆ. ಭಾರತದಲ್ಲೂ 42 ಸಾವಿರವನ್ನು ಇಳಿಸಿ ಸುಮಾರು ಅಲ್ಲಿಗೇ ತರುತ್ತಾರೆ. ದಾರಿ ಬೇರೆ, ಊರು ಒಂದೇ.

ಷರತ್ತು ಹದವಾಗಿದ್ದಾಗ ನೋಡಿ ಮಜಾ. ವಾರಕ್ಕೆ ಶೇ 1, ಮೇಲ್ಮಿತಿ ಶೇ 10 ಅಂತಿಟ್ಟುಕೊಳ್ಳಿ. ಆರು ವಾರಕ್ಕೆ 6 ಸಾವಿರ. ಆದರೆ ಪಂಪ್ ಕೂರಿಸುವ ಕಟ್ಟಡವೇ ಇನ್ನೂ ಮುಗಿದಿಲ್ಲ, ಕೊಂಡವನಿಗೆ ಬಿಡಿಗಾಸು ನಷ್ಟ ಆಗಿಲ್ಲ. ಇಂಗ್ಲೆಂಡಿನಲ್ಲಿ 6 ಸಾವಿರ ಕೊಡಲೇಬೇಕು. ಭಾರತದಲ್ಲಿ ನಷ್ಟ ಆಗಿಲ್ಲ ಅಂತ ಸಪ್ಲೈಯರ್ ತೋರಿಸಿಕೊಟ್ಟರೆ ಪಾರಾಗುತ್ತಾನೆ. ನಷ್ಟವೇ ಇಲ್ಲದಿದ್ದರೆ 74ನೇ ಕಲಂ ಪರಿಹಾರವೂ ಇಲ್ಲ ಅಂತ 2015ರ ಕೈಲಾಶ್ ನಾಥ್ ತೀರ್ಪು ಹೇಳಿತು.

ಹಾಗಾದರೆ ನಷ್ಟ ಸಾಬೀತು ಮಾಡುವ ಹೊರೆ ಯಾರ ಮೇಲೆ? ಇಲ್ಲೇ ನಮ್ಮವರು ತಲೆ ಕೆಡಿಸಿಕೊಳ್ಳೋದು. ಮೌಲಾ ಬಕ್ಸ್ ಅನ್ನುವವರು ಸೇನೆಗೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಕೊಡುವ ಕರಾರು ಮಾಡಿದ್ದರು. ಸರಿಯಾಗಿ ಕೊಡಲಿಲ್ಲ ಅಂತ ಸರ್ಕಾರ ಅವರ 18,500 ರೂಪಾಯಿ ಡೆಪಾಸಿಟ್ ಮುಟ್ಟುಗೋಲು ಹಾಕಿಕೊಂಡಿತು. 1969ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಆಲೂಗಡ್ಡೆ, ಮೊಟ್ಟೆಯನ್ನು ಬೇರೆ ಕಡೆ ಯಾವ ದರಕ್ಕೆ ಕೊಂಡಿರಿ ಅಂತ ತೋರಿಸಬಹುದಿತ್ತು, ತೋರಿಸಲಿಲ್ಲ ಅಂದಿತು. 2003ರ ಸಾ ಪೈಪ್ಸ್ ಪ್ರಕರಣ ಬೇರೆ ಥರ. ಯೂರೋಪಿನಲ್ಲಿ ಉಕ್ಕಿನ ಕಾರ್ಮಿಕರ ಮುಷ್ಕರದಿಂದಾಗಿ ಒಎನ್‌ಜಿಸಿಗೆ ಸಾ ಪೈಪ್ಸ್ ಕಂಪನಿಯ ಕೇಸಿಂಗ್ ಪೈಪು ತಡವಾಗಿ ಬಂತು. ತೈಲ ಬಾವಿಯ ಕೆಲಸ ತಡವಾದರೆ ನಷ್ಟ ಇಷ್ಟೇ ಅಂತ ಹೇಳೋದು ಹೇಗೆ? ಅಂಥ ಕಡೆ, ಮೊದಲೇ ಒಪ್ಪಿಕೊಂಡ ಅಂದಾಜು ನ್ಯಾಯವಾಗಿದ್ದರೆ ಅದನ್ನೇ ಕೊಡಿ, ಅದು ಅನ್ಯಾಯ ಅಂತ ತೋರಿಸುವ ಹೊರೆ ತಪ್ಪಿದವನದು ಅಂತ ಕೋರ್ಟು ಹೇಳಿತು. ಪೇಟೆಯಲ್ಲಿ ದರ ಸಿಗುವ ಮಾಲಿಗೆ ಮೌಲಾ ಬಕ್ಸ್, ಅಳೆಯೋಕಾಗದ ನಷ್ಟಕ್ಕೆ ಸಾ ಪೈಪ್ಸ್. ನಾನು ಓದುವುದು ಹೀಗೆ.

ನನಗೆ ಇಂಗ್ಲೆಂಡಿನ ರೀತಿಯೇ ಸರಿ ಅನಿಸುತ್ತೆ. 6 ಸಾವಿರಕ್ಕಾಗಿ ವರ್ಷಗಟ್ಟಲೆ ಸಾಕ್ಷಿ ಹೇಳಿಸೋದು ಯಾರಿಗೆ ಬೇಕು? ಕಟ್ಟಡ ಮುಗಿಯದವನಿಗೂ ದುಡ್ಡು ಸಿಗೋದು ಮಾತ್ರ ನನಗೆ ಇವತ್ತಿಗೂ ಚುಚ್ಚುತ್ತೆ, ಅಲ್ವಾ? ಆದರೆ ಕೋರ್ಟು ಹೇಗೂ ಕತ್ತರಿಸುತ್ತೆ ಅನ್ನೋ ಧೈರ್ಯ ನಮ್ಮನ್ನು ಸೋಮಾರಿ ಮಾಡಿದೆ. ನಾನು ನೋಡಿದ ಎಷ್ಟೋ ಟೆಂಡರುಗಳಲ್ಲಿ ಬೋಲ್ಟಿಗೂ ಟರ್ಬೈನಿಗೂ ಒಂದೇ ಶೇಕಡಾ. ನೂರರಲ್ಲಿ 95 ಮಾಲು ಸಮಯಕ್ಕೆ ಬಂದರೂ ಉಳಿದ ಐದಕ್ಕೆ ಪೂರ್ತಿ ಕರಾರಿನ ಬೆಲೆಯ ಮೇಲೆ ಮುರಿದುಕೊಳ್ಳುತ್ತಾರೆ. ಬಿಲ್ಲಿನಲ್ಲೇ ಮುರಿದುಕೊಂಡ ಮೇಲೆ ಕೋರ್ಟಿಗೆ ಅಲೆಯೋದು ಸಪ್ಲೈಯರ್ ತಾನೆ?

ಈಗ ನಾನು ಪ್ರತಿ ಕರಾರಿನ ಫೈಲಿಗೆ ಒಂದು ಹಾಳೆ ಸೇರಿಸುತ್ತೇನೆ: ಬಾಡಿಗೆ ಪಂಪಿಗೆ ವಾರಕ್ಕೆ ಎಷ್ಟು, ಸುಮ್ನೆ ಕೂರುವ ಇಬ್ಬರು ಫಿಟ್ಟರುಗಳ ಕೂಲಿ ಎಷ್ಟು, ಅದರಿಂದ ಶೇಕಡಾ ಹೇಗೆ ಬಂತು. ಮೇಲೆ ತಾರೀಖು, ಸಹಿಗಿಂತ ಮುಂಚಿನದು. ಭಾರತದ ಕರಾರಾದರೆ ಇನ್ನೊಂದು ಖಾಲಿ ಲಕೋಟೆಯನ್ನೂ ಇಡುತ್ತೇನೆ, ಮುಂದೆ ಬರುವ ಬಾಡಿಗೆ ಬಿಲ್ಲುಗಳಿಗೆ.