ಸಿವಿಲ್ ಇಂಟರ್ನ್‌ಶಿಪ್: ಕಲಿಸುವ ಆಫೀಸೋ, ಸಂಬಳದ ಸೈಟೋ?

ದಾವಣಗೆರೆಯಲ್ಲಿ ಕೊನೆಯ ವರ್ಷದ ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವವರ ಮುಂದೆ ಎರಡು ದಾರಿ ಇವೆ ಎಂದುಕೊಳ್ಳಿ. ಗುತ್ತಿಗೆದಾರರ ಸೈಟಿನಲ್ಲಿ ತಿಂಗಳಿಗೆ 8,000 ರೂಪಾಯಿ ಕೊಡುತ್ತಾರೆ. ಸ್ಟ್ರಕ್ಚರಲ್ ಡಿಸೈನ್ ಆಫೀಸಿನಲ್ಲಿ ಬಿಡಿಗಾಸೂ ಇಲ್ಲ, ಆದರೆ ಅನುಭವಿ ಎಂಜಿನಿಯರ್ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತಾರೆ. ಎರಡೂ ನಾಲ್ಕು ತಿಂಗಳು. ದುಡ್ಡಿಲ್ಲದ್ದನ್ನು ಆರಿಸುವುದು ಸರಿಯೇ?

ಪರ: ತಪ್ಪು ಹಿಡಿಯುವವರು ಇರುವಲ್ಲಿಗೆ ಹೋಗಿ

ಮೂರಡಿ ಹೊರಚಾಚಿದ ಒಂದು ಬಾಲ್ಕನಿ ತೆಗೆದುಕೊಳ್ಳೋಣ. ನಿಟ್ಟುವಳ್ಳಿಯಲ್ಲೋ ವಿದ್ಯಾನಗರದಲ್ಲೋ ಯಾವ ಮನೆ ನೋಡಿದರೂ ಇಂಥದ್ದೊಂದು ಇರುತ್ತದೆ. ಅಳತೆ 0.9 ಮೀಟರ್, ಸ್ಲ್ಯಾಬಿನ ದಪ್ಪ 125 ಮಿ.ಮೀ. ಇದರ ಲೆಕ್ಕ ಮಾಡಿಕೊಂಡು ಬಾ ಎಂದರೆ ವಿದ್ಯಾರ್ಥಿ ಏನು ಮಾಡುತ್ತಾನೆ ಎಂಬುದು ಬಹುಮಟ್ಟಿಗೆ ಮೊದಲೇ ಗೊತ್ತು. ಸ್ಲ್ಯಾಬಿನ ಸ್ವಂತ ತೂಕ ಚದರ ಮೀಟರಿಗೆ 3.1 ಕಿಲೋನ್ಯೂಟನ್, ನೆಲಹಾಸಿಗೆ 1, ಜನರ ಓಡಾಟಕ್ಕೆ 2 ಎಂದು ಬರೆಯುತ್ತಾನೆ. ಕೋಣೆಗೆ 2 ಸರಿ. ಬಾಲ್ಕನಿಗೆ ಐಎಸ್ 875ರ ಎರಡನೇ ಭಾಗ ಕೇಳುವುದು ಕನಿಷ್ಠ 3. ಹಬ್ಬದ ದಿನ ಮೆರವಣಿಗೆ ನೋಡಲು ಮನೆಮಂದಿಯೆಲ್ಲ ನುಗ್ಗುವುದು ಅಲ್ಲಿಗೇ ಅಲ್ಲವೇ.

ಅದನ್ನು ತಿದ್ದಿದರೆ ಒಟ್ಟು ಭಾರ 7.1 ಆಗುತ್ತದೆ, ಗೋಡೆಯ ಬುಡದಲ್ಲಿ ಬೆಂಡಿಂಗ್ ಮೊಮೆಂಟ್ ಮೀಟರಿಗೆ 2.9 ಕಿಲೋನ್ಯೂಟನ್-ಮೀಟರ್. ಹುಡುಗ ಇಲ್ಲಿಗೆ ನಿಲ್ಲಿಸುತ್ತಾನೆ. ಆಗ ಕಲಿಸುವವರು ಕೆಂಪು ಪೆನ್ನಿನಲ್ಲಿ ಬಾಲ್ಕನಿಯ ತುದಿಗೆ ಒಂದು ಬಾಣ ಹಾಕಿ ಕೇಳುತ್ತಾರೆ: ಪ್ಯಾರಾಪೆಟ್ ಎಲ್ಲಿ? ಮೀಟರ್ ಎತ್ತರದ ನಾಲ್ಕಿಂಚಿನ ಗೋಡೆ ಎಂದರೆ ಉದ್ದದ ಪ್ರತಿ ಮೀಟರಿಗೆ ಸುಮಾರು 2 ಕಿಲೋನ್ಯೂಟನ್. ಅದು ಕೂತಿರುವುದು ತುತ್ತತುದಿಯಲ್ಲಿ. ಹಾಗಾಗಿ ಅದೊಂದೇ 1.8 ಸೇರಿಸುತ್ತದೆ, ಒಟ್ಟು 4.7. ಹುಡುಗ ಮೊದಲು ನಿಲ್ಲಿಸಿದ್ದಕ್ಕಿಂತ ಅರ್ಧಕ್ಕೂ ಹೆಚ್ಚು. ಸಾಫ್ಟ್‌ವೇರ್ ಇದನ್ನು ಹಿಡಿಯುವುದಿಲ್ಲ. ಗೋಡೆಯ ಭಾರ ಕೊಡದಿದ್ದರೆ ಅದು ಗೋಡೆಯೇ ಇಲ್ಲದ ಬಾಲ್ಕನಿಗೆ ಅಚ್ಚುಕಟ್ಟಾದ ಉತ್ತರ ಕೊಟ್ಟು ಸುಮ್ಮನಾಗುತ್ತದೆ.

ಮುಂದಿನದು ಕಂಬಿ. ಬಾಲ್ಕನಿಯಲ್ಲಿ ಎಳೆತ ಬೀಳುವುದು ಮೇಲ್ಮೈಗೆ, ಆದ್ದರಿಂದ ಮುಖ್ಯ ಕಂಬಿ ಮೇಲೆಯೇ ಇರಬೇಕು. ಇದು ಪರೀಕ್ಷೆಯಲ್ಲಿ ಎಲ್ಲರೂ ಬರೆಯುವ ಉತ್ತರ. ಆ ಕಂಬಿ ಒಳಗಿನ ಸ್ಲ್ಯಾಬಿನೊಳಕ್ಕೆ ಎಷ್ಟು ದೂರ ಹೋಗಬೇಕು ಎಂದರೆ ಬಾಯಿ ಕಟ್ಟುತ್ತದೆ. ಚಾಚಿದ ಉದ್ದದ ಒಂದೂವರೆ ಪಟ್ಟು, ಅಂದರೆ ಇಲ್ಲಿ 1.35 ಮೀಟರ್ ಒಯ್ಯುವುದು ಡಿಸೈನ್ ಮಾಡುವವರ ರೂಢಿ. ಯಾಕೆ ಅಷ್ಟು ಎಂದು ಕೇಳಿದರೆ ನಿಂತು ವಿವರಿಸುವವರು ಬೇಕು. ಕಾಂಕ್ರೀಟ್ ಲಾರಿ ಬಂದು ನಿಂತಿರುವ ಸೈಟಿನಲ್ಲಿ ಎಂಜಿನಿಯರಿಗೆ ಆ ಪುರುಸೊತ್ತು ಇರುವುದಿಲ್ಲ. ಅಲ್ಲಿ ಇಂಟರ್ನ್ ಕೈಗೆ ಸಿಗುವುದು ಸಿಮೆಂಟ್ ಚೀಲದ ಲೆಕ್ಕ, ಆಳುಗಳ ಹಾಜರಿ ಮತ್ತು ಟೀ ತರಿಸುವ ಜವಾಬ್ದಾರಿ. 8,000 ಕೊಡುವವರು 8,000ದ ಕೆಲಸ ತೆಗೆಯದೆ ಬಿಡುತ್ತಾರೆಯೇ?

ದುಡ್ಡಿಲ್ಲದ ಆಫೀಸೆಲ್ಲ ಗುರುಕುಲವಲ್ಲ, ಒಪ್ಪೋಣ. ಸೇರುವ ಮುನ್ನ ಎರಡು ಕೇಳಿ. ನನ್ನ ಲೆಕ್ಕ ಯಾರು ನೋಡುತ್ತಾರೆ, ವಾರದಲ್ಲಿ ಯಾವಾಗ? ಹಿಂದಿನ ಇಂಟರ್ನ್ ಮಾಡಿದ, ತಿದ್ದಿದ ಹಾಳೆ ಒಂದಾದರೂ ತೋರಿಸುತ್ತೀರಾ? ಒಂದೇ ಮೇಜಿನ ಸುತ್ತ ಎಂಟು ಹತ್ತು ಇಂಟರ್ನ್‌ಗಳು ಕೂತಿದ್ದರೆ ಅಲ್ಲಿ ತಿದ್ದುವವರಿಲ್ಲ, ಆಟೊಕ್ಯಾಡ್‌ನಲ್ಲಿ ಮಂಜೂರಾತಿ ನಕ್ಷೆ ನಕಲು ಮಾಡಿಸುತ್ತಿದ್ದಾರೆ ಅಷ್ಟೇ. ಎರಡನೇ ವಾರ ಮುಗಿದರೂ ಕೆಂಪು ಗುರುತು ಬಿದ್ದ ಒಂದು ಹಾಳೆ ನಿಮ್ಮ ಕೈಗೆ ಬಂದಿಲ್ಲವೆಂದರೆ ಕಾಲೇಜಿನ ಗೈಡ್‌ಗೆ ಹೇಳಿ ಜಾಗ ಬದಲಿಸಿ.

ಖರ್ಚಿನ ಮಾತು ಬಂದೇ ಬರುತ್ತದೆ. ಪದವಿ ಮುಗಿದ ಮೇಲೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಸ್ಟೈಪೆಂಡ್ ಇದೆ, ನಿಗದಿತ ಕನಿಷ್ಠ ಮೊತ್ತದಲ್ಲಿ ಅರ್ಧವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ದುಡ್ಡು ಆಮೇಲೂ ಬಂದೀತು. ನಾಲ್ಕು ತಿಂಗಳು ದಿನಾ ತಿದ್ದಿ ಕೊಡುವವರು ಕೆಲಸಕ್ಕೆ ಸೇರಿದ ಮೇಲೆ ಸಿಗುವುದಿಲ್ಲ. ಆಗ ತಪ್ಪಾದರೆ ತಿದ್ದುವುದಿಲ್ಲ, ಬೈಯುತ್ತಾರೆ.

ವಿರೋಧ: ಊಟದ ಲೆಕ್ಕವನ್ನೂ ಹಾಕಿ

ಈ ಬದಿಯಲ್ಲಿ ಬರೆಯಿರಿ ಎಂದರು, ಬರೆಯುತ್ತಿದ್ದೇನೆ. ಮೇಲಿನ ಬಾಲ್ಕನಿ ಲೆಕ್ಕದಲ್ಲಿ ತಪ್ಪು ಹುಡುಕಲು ಹೋಗುವುದಿಲ್ಲ. ಆದರೆ ಪರವಾಗಿ ಬರೆದವರು ಪ್ಯಾರಾಪೆಟ್ಟಿನ ತೂಕ ಹಾಕಿದಷ್ಟು ಶ್ರದ್ಧೆಯಿಂದ ಹುಡುಗನ ಊಟದ ಲೆಕ್ಕ ಹಾಕಿಲ್ಲ.

ಜಗಳೂರು ಕಡೆಯ ಹುಡುಗ ದಾವಣಗೆರೆಯಲ್ಲಿ ರೂಮು ಮಾಡಿದ್ದಾನೆ. ಬಾಡಿಗೆಯ ಪಾಲು ಮತ್ತು ಮೆಸ್ ಸೇರಿ ತಿಂಗಳಿಗೆ 5,500 ಎಂದು ಹಿಡಿಯಿರಿ, ನಾಲ್ಕು ತಿಂಗಳಿಗೆ 22,000. ಸೈಟಿಗೆ ಹೋದರೆ 32,000 ಬಂದು 10,000 ಉಳಿಯುತ್ತದೆ. ಆಫೀಸಿಗೆ ಹೋದರೆ ಆ 22,000ವನ್ನು ಮನೆಯವರು ಹೊಂದಿಸಬೇಕು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಊರಿಂದಲೇ ಓಡಾಡಬಹುದು. ಆದರೆ ದಿನದ ಎರಡು ಮೂರು ಗಂಟೆ ಬಸ್ಸಿನಲ್ಲೇ ಕಳೆಯುತ್ತದೆ. ಮೆಕ್ಕೆಜೋಳದ ದುಡ್ಡು ಬರುವವರೆಗೆ ಸಾಲ ಮಾಡಿ ಮಗನನ್ನು ಓದಿಸುವವರಿಗೆ 'ದುಡ್ಡು ಆಮೇಲೂ ಬಂದೀತು' ಎಂದು ಹೇಳಿ ನೋಡಿ.

ದುಡ್ಡು ಕೊಡುತ್ತೇವೆ ಎಂದವರೆಲ್ಲ ಕೊಡುತ್ತಾರೆ ಎಂದೂ ಅಲ್ಲ. 'ಕೊನೆಗೆ ಒಟ್ಟಿಗೆ ಕೊಡ್ತೀವಿ' ಎಂದರೆ ಎಚ್ಚರ. ಮೊತ್ತ, ಕೊಡುವ ದಿನಾಂಕ ಎರಡನ್ನೂ ಪತ್ರದಲ್ಲಿ ಬರೆಸಿಕೊಳ್ಳಿ, ತಿಂಗಳು ತಿಂಗಳು ಖಾತೆಗೆ ಹಾಕಿಸಿಕೊಳ್ಳಿ. ಆಳುಗಳಿಗೆ ಶನಿವಾರದ ಬಟವಾಡೆ ತಪ್ಪಿಸುವ ಗುತ್ತಿಗೆದಾರ ಇಂಟರ್ನ್‌ಗೆ ಕೊಡುವುದಿಲ್ಲ. ಅದನ್ನು ಸೈಟಿನ ಮೇಸ್ತ್ರಿಯ ಹತ್ತಿರ ಕೇಳಿದರೆ ತಿಳಿಯುತ್ತದೆ.

ಇನ್ನು ಕಲಿಕೆ. ಸೈಟೆಂದರೆ ಟೀ ತರಿಸುವುದು ಎಂಬ ಗೇಲಿ ಎಸಿ ಕೋಣೆಯಿಂದ ಚೆನ್ನಾಗಿಯೇ ಕೇಳಿಸುತ್ತದೆ. ಅದೇ ಬಾಲ್ಕನಿಗೆ ಬರೋಣ. 125 ಮಿ.ಮೀ. ಸ್ಲ್ಯಾಬ್, ಮೇಲೆ 20 ಮಿ.ಮೀ. ಕವರ್, 10 ಮಿ.ಮೀ. ಕಂಬಿ. ಅಡಿಯಿಂದ ಕಂಬಿಯ ನಡುವಿಗೆ 100 ಮಿ.ಮೀ. ಡ್ರಾಯಿಂಗಿನಲ್ಲಿ ಎಲ್ಲ ಸರಿ. ಕಾಂಕ್ರೀಟ್ ಹಾಕುವ ದಿನ ಬಾಂಡ್ಲಿ ಹೊತ್ತವರು, ವೈಬ್ರೇಟರ್ ಹಿಡಿದವರು ಆ ಕಂಬಿಯ ಮೇಲೇ ನಡೆಯುತ್ತಾರೆ. ಕಂಬಿ 40 ಮಿ.ಮೀ. ಕೆಳಗಿಳಿದರೆ ಉಳಿಯುವುದು 60, ಬಾಲ್ಕನಿಯ ಬಲವೂ ಹತ್ತಿರ ಹತ್ತಿರ ಅಷ್ಟೇ ಪಾಲಿಗೆ ಕುಸಿಯುತ್ತದೆ. ಸೆಂಟ್ರಿಂಗ್ ಬಿಚ್ಚಿದಾಗ ಹೊರಗಿಂದ ಏನೂ ಕಾಣುವುದಿಲ್ಲ. ಎಷ್ಟೋ ಕಾಲದ ಮೇಲೆ ಗೋಡೆಯ ಬುಡದಲ್ಲಿ, ಮೇಲ್ಭಾಗದಲ್ಲಿ, ಉದ್ದಕ್ಕೂ ಒಂದು ಬಿರುಕು ಕಾಣಿಸಿಕೊಳ್ಳುತ್ತದೆ.

ಮನೆ ದಾವಣಗೆರೆಯಲ್ಲೇ ಇದ್ದು, ತಿಂಗಳ ಖರ್ಚಿನ ಚಿಂತೆ ಇಲ್ಲದವರು ಡಿಸೈನ್ ಆಫೀಸಿಗೇ ಹೋಗಲಿ, ಅದರಲ್ಲಿ ನನ್ನ ತಕರಾರಿಲ್ಲ. ಉಳಿದವರು ಸಂಬಳದ ಸೈಟಿಗೆ ಸೇರಿ ಅಲ್ಲಿ ಒಂದು ಕೆಲಸವನ್ನು ಕೇಳಿ ಪಡೆಯಲಿ: ಕಾಂಕ್ರೀಟಿಗೆ ಮುಂಚಿನ ಕಂಬಿ ತಪಾಸಣೆ. ಬಾಲ್ಕನಿಯ ಕಂಬಿಯ ಕೆಳಗೆ ಮೀಟರಿಗೊಂದರಂತೆ ಕಂಬಿಯದೇ ಚೇರ್ ಇದೆಯೇ, ನಡೆಯಲು ಹಲಗೆ ಹಾಸಿದ್ದಾರೆಯೇ ನೋಡಬೇಕು. ಟೇಪನ್ನು ಸೆಂಟ್ರಿಂಗ್ ಹಲಗೆಗೆ ಊರಿ ಕಂಬಿಯ ನೆತ್ತಿಯವರೆಗೆ ಅಳೆದರೆ 105 ಮಿ.ಮೀ. ಬರಬೇಕು. ಕಾಂಕ್ರೀಟ್ ಬೀಳಲು ಶುರುವಾದ ಮೇಲೆ ಇನ್ನೊಮ್ಮೆ ಅಳೆಯಬೇಕು, ಕಂಬಿ ಇಳಿಯುವುದು ಆಗಲೇ.