ಕೊಡಗನ್ನು ಕೊಡಗಿನ ಜೊತೆಗೇ ಹೋಲಿಸಿ: ಜಿಲ್ಲಾವಾರು ಡೇಟಾ ಮತ್ತು ಫಿಕ್ಸೆಡ್ ಎಫೆಕ್ಟ್ಸ್

ಮಡಿಕೇರಿ, ವಿರಾಜಪೇಟೆ ಕಡೆ ಎಂ.ಎ. ಅರ್ಥಶಾಸ್ತ್ರ ಓದುತ್ತಿರುವವರಿಗೆ ಈ ಬರಹ. ಅಸೈನ್‌ಮೆಂಟಿಗೆ ಎಲ್ಲರೂ ಎತ್ತಿಕೊಳ್ಳುವ ಪ್ರಶ್ನೆ ಒಂದಿದೆ: ಮಳೆ ಹೆಚ್ಚಾದರೆ ಭತ್ತದ ಇಳುವರಿ ಹೆಚ್ಚುತ್ತದೆಯೇ? ಕರ್ನಾಟಕದ ಜಿಲ್ಲೆಗಳ ಹತ್ತಿಪ್ಪತ್ತು ವರ್ಷದ ಅಂಕಿ ಒಟ್ಟುಹಾಕಿ ನೇರ ರಿಗ್ರೆಷನ್ ಹಾಕಿದರೆ, ಮಳೆ ಬಂದಷ್ಟೂ ಇಳುವರಿ ಕುಸಿಯುತ್ತದೆ ಎಂಬ ಉತ್ತರ ಬರಬಹುದು. ಅದನ್ನೇ ನಂಬಿ "ಅತಿವೃಷ್ಟಿಯಿಂದ ಹಾನಿ" ಎಂದು ಎರಡು ಪುಟ ಬರೆದರೆ ಕೆಲಸ ಕೆಟ್ಟಿತು.

ಹಾಗೇಕೆ ಬರುತ್ತದೆ ಎಂಬುದು ನಮ್ಮ ಗದ್ದೆ ನೋಡಿದವರಿಗೆ ಗೊತ್ತು. ಇಲ್ಲಿ ಭತ್ತ ಬೆಳೆಯುವುದು ಕಾಫಿ ತೋಟಗಳ ನಡುವಿನ ತಗ್ಗಿನಲ್ಲಿ, ಹೆಚ್ಚಿನ ಕಡೆ ವರ್ಷಕ್ಕೆ ಒಂದೇ ಬೆಳೆ, ಮಳೆಗಾಲದಲ್ಲಿ ಬಿಸಿಲೂ ಕಡಿಮೆ. ರಾಯಚೂರಿನ ಸಿಂಧನೂರು, ಮಾನ್ವಿ ಕಡೆ ಮಳೆ ಕಡಿಮೆ, ಆದರೆ ತುಂಗಭದ್ರಾ ಎಡದಂಡೆ ನಾಲೆಯ ನೀರಿದೆ, ಬೇಕಾದಷ್ಟು ಬಿಸಿಲಿದೆ. ಮಣ್ಣು, ಎತ್ತರ, ಬಿಸಿಲು, ನಾಲೆ, ಯಾವುದೂ ನಿಮ್ಮ ಶೀಟಿನಲ್ಲಿ ಇಲ್ಲ. ಮಳೆ ಎಂಬ ಒಂದೇ ಕಾಲಂ ಇವೆಲ್ಲದರ ತಪ್ಪನ್ನು ತಲೆಮೇಲೆ ಹೊತ್ತುಕೊಳ್ಳುತ್ತದೆ.

ಲೆಕ್ಕ ತೋರಿಸಲಿಕ್ಕಷ್ಟೇ ಅಂಕಿಗಳನ್ನು ಊಹಿಸಿಕೊಳ್ಳೋಣ. ಕೊಡಗಿನಲ್ಲಿ ಮೂರು ವರ್ಷದ ಮಳೆ 2000, 2500, 3000 ಮಿ.ಮೀ.; ಇಳುವರಿ ಹೆಕ್ಟೇರಿಗೆ 24, 26, 28 ಕ್ವಿಂಟಲ್. ರಾಯಚೂರಿನಲ್ಲಿ ಮಳೆ 500, 600, 700. ಇಳುವರಿ 36, 36.4, 36.8. ಎರಡೂ ಕಡೆ 100 ಮಿ.ಮೀ. ಹೆಚ್ಚಿಗೆ 0.4 ಕ್ವಿಂಟಲ್ ಏರುತ್ತಿದೆ. ಆದರೆ ಆರೂ ಸಾಲು ಒಟ್ಟಿಗೆ ಹಾಕಿ ಗೆರೆ ಎಳೆದರೆ ಉತ್ತರ 100 ಮಿ.ಮೀ.ಗೆ ಮೈನಸ್ 0.46. ಚಿಹ್ನೆಯೇ ತಿರುಗಿಬಿಟ್ಟಿತು.

ಫಿಕ್ಸೆಡ್ ಎಫೆಕ್ಟ್ಸ್ ಮಾಡುವ ಕೆಲಸ ಸರಳ. ಪ್ರತಿ ಜಿಲ್ಲೆಯ ಸರಾಸರಿಯನ್ನು ಆ ಜಿಲ್ಲೆಯ ಅಂಕಿಗಳಿಂದಲೇ ಕಳೆಯುತ್ತದೆ. ಕೊಡಗಿನ ಸರಾಸರಿ ಮಳೆ 2500, ಇಳುವರಿ 26. ಕಳೆದರೆ ಮಳೆ −500, 0, +500. ಇಳುವರಿ −2, 0, +2. ರಾಯಚೂರಿನದು −100, 0, +100 ಮತ್ತು −0.4, 0, +0.4. ಈ ಉಳಿಕೆಗಳ ಮೇಲೆ ಗೆರೆ ಎಳೆದರೆ ಸರಿಯಾಗಿ 0.4 ಸಿಗುತ್ತದೆ. ವರ್ಷದಿಂದ ವರ್ಷಕ್ಕೆ ಬದಲಾಗದ್ದೆಲ್ಲ ಆ ಕಳೆಯುವಿಕೆಯಲ್ಲೇ ಹೋಯಿತು, ಅದರ ಹೆಸರು ನಮಗೆ ಗೊತ್ತಿರಲಿ ಬಿಡಲಿ. ಎತ್ತರ, ಬೆಂಗಳೂರಿನಿಂದ ದೂರ ಇಂಥ ಕಾಲಂಗಳನ್ನು ಮಾಡೆಲ್‌ಗೆ ಸೇರಿಸಿದರೆ ಸಾಫ್ಟ್‌ವೇರ್ ಕಿತ್ತುಹಾಕುವುದೂ ಇದಕ್ಕೇ. ಅದು ದೋಷವಲ್ಲ, ಗಾಬರಿಪಟ್ಟು ಫಿಕ್ಸೆಡ್ ಎಫೆಕ್ಟ್ಸ್ ತೆಗೆಯಬೇಡಿ.

ಇಲ್ಲಿಯವರೆಗಿನದು ಎಲ್ಲ ನೋಟ್ಸ್‌ನಲ್ಲೂ ಇರುತ್ತದೆ. ಯಾರೂ ಗಮನಿಸದ ವಿಷಯ ಬೇರೆಯದು: ಆ 0.4 ಯಾವ ಜಿಲ್ಲೆಯ ಉತ್ತರ? ಉಳಿಕೆಗಳ ವರ್ಗ ಕೂಡಿ ನೋಡಿ. ಕೊಡಗಿನದು 5,00,000, ರಾಯಚೂರಿನದು ಬರೀ 20,000. ಅಂದರೆ ಉತ್ತರದ ಶೇ. 96ರಷ್ಟು ತೂಕ ಕೊಡಗಿನದೇ. ರಾಯಚೂರಿನಲ್ಲಿ ನಿಜವಾದ ಪರಿಣಾಮ ಐದು ಪಟ್ಟು, ಅಂದರೆ 2 ಕ್ವಿಂಟಲ್ ಇದ್ದಿದ್ದರೂ ಒಟ್ಟು ಉತ್ತರ 0.40ರಿಂದ 0.46ಕ್ಕೆ ಮಾತ್ರ ಸರಿಯುತ್ತಿತ್ತು. ಮಳೆಯ ಏರಿಳಿತ ಮಿ.ಮೀ. ಲೆಕ್ಕದಲ್ಲಿ ದೊಡ್ಡದಿರುವ ಮಲೆನಾಡು, ಕರಾವಳಿ ಜಿಲ್ಲೆಗಳೇ ಉತ್ತರ ಬರೆಯುತ್ತವೆ. ನೀವು ಮಾತ್ರ ಅದಕ್ಕೆ "ಕರ್ನಾಟಕದ ಸರಾಸರಿ" ಎಂದು ಹೆಸರಿಡುತ್ತೀರಿ. ಮಳೆಯ ಲಾಗ್ ತೆಗೆದುಕೊಂಡರೆ ಮೇಲಿನ ಅಂಕಿಗಳಲ್ಲಿ ತೂಕ ಸುಮಾರು 60:40 ಆಗುತ್ತದೆ. 2500ರ ಮೇಲೆ ಬಂದ 100 ಮಿ.ಮೀ.ಗೂ 600ರ ಮೇಲೆ ಬಂದ 100 ಮಿ.ಮೀ.ಗೂ ಬೆಳೆಯ ಮಟ್ಟಿಗೆ ಸಮವಿಲ್ಲ, ಹಾಗಾಗಿ ನನ್ನ ಮತ ಲಾಗ್‌ಗೇ.

ನಿಮ್ಮ ಶೀಟನ್ನು `d` ಎಂಬ ಹೆಸರಿನಲ್ಲಿ ಓದಿಸಿಕೊಂಡಿದ್ದರೆ ಆರ್‌ನಲ್ಲಿ ಇಷ್ಟು ಸಾಕು:

```r
library(fixest)
d$district <- trimws(tolower(d$district))
table(d$district)
m <- feols(yield ~ log(rain) | district + year,
           data = d, cluster = ~district)
summary(m)
```

ಎರಡನೇ, ಮೂರನೇ ಸಾಲನ್ನು ಹಾರಿಸಬೇಡಿ. ಒಂದು ವರ್ಷದ ಫೈಲಿನಲ್ಲಿ `Kodagu`, ಇನ್ನೊಂದರಲ್ಲಿ ಕೊನೆಗೊಂದು ಸ್ಪೇಸ್ ಸೇರಿದ `KODAGU` ಇದ್ದರೆ ಸಾಫ್ಟ್‌ವೇರ್‌ಗೆ ಅವು ಎರಡು ಜಿಲ್ಲೆ, ಎರಡು ಬೇರೆ ಸರಾಸರಿ. ಎಲ್ಲೋ `Coorg` ಎಂದೂ ಇದ್ದರೆ ಅದನ್ನು ಕೈಯಿಂದಲೇ ತಿದ್ದಬೇಕು. ಪಟ್ಟಿಯಲ್ಲಿ ಪ್ರತಿ ಜಿಲ್ಲೆಯ ಎದುರು ಎಷ್ಟು ವರ್ಷ ಇದೆ ನೋಡಿ; ಎಲ್ಲಾದರೂ 3, 4 ಕಂಡರೆ ಹೆಸರೇ ಒಡೆದಿದೆ, ಇಲ್ಲವೇ ಜಿಲ್ಲೆಯೇ ಒಡೆದಿದೆ. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ ಹುಟ್ಟಿದವು. ಬಳ್ಳಾರಿಯಿಂದ ವಿಜಯನಗರ ಬೇರೆಯಾದದ್ದು 2021ರಲ್ಲಿ. ಒಡೆಯುವ ಮುಂಚಿನ ಬಳ್ಳಾರಿಗೂ ನಂತರದ್ದಕ್ಕೂ ಒಂದೇ ಸರಾಸರಿ ಕಳೆದರೆ ಅರ್ಥವಿಲ್ಲ, ಹಳೆಯ ಗಡಿಗೆ ಮತ್ತೆ ಸೇರಿಸಿ ಲೆಕ್ಕ ಹಾಕಿ. ಜಿಲ್ಲಾ ಮಟ್ಟದಲ್ಲಿ ಕೊಡಗಿಗೆ ಈ ತಲೆನೋವಿಲ್ಲ. ತಾಲ್ಲೂಕು ಮಟ್ಟಕ್ಕೆ ಇಳಿದರೆ ಕುಶಾಲನಗರ, ಪೊನ್ನಂಪೇಟೆ ಹೊಸ ತಾಲ್ಲೂಕುಗಳು, ಅಲ್ಲಿ ಇದೇ ಸಮಸ್ಯೆ.

`cluster` ಯಾಕೆಂದರೆ ಒಂದು ಜಿಲ್ಲೆಯಲ್ಲಿ ಮಾಡೆಲ್ ವಿವರಿಸದೆ ಬಿಟ್ಟ ಈ ವರ್ಷದ ಭಾಗಕ್ಕೂ ಮುಂದಿನ ವರ್ಷದ್ದಕ್ಕೂ ನಂಟಿರುತ್ತದೆ. ಅದನ್ನು ಬಿಟ್ಟರೆ ಸ್ಟ್ಯಾಂಡರ್ಡ್ ಎರರ್ ಸಾಮಾನ್ಯವಾಗಿ ಚಿಕ್ಕದಾಗಿ, ಇಲ್ಲದ ನಕ್ಷತ್ರಗಳು ಮೂಡುತ್ತವೆ. ರಾಜ್ಯದ ಎಲ್ಲ ಜಿಲ್ಲೆ ಇದ್ದರೆ ನಡೆಯುತ್ತದೆ. ಮಲೆನಾಡಿನ ಐದಾರು ಜಿಲ್ಲೆ ಮಾತ್ರ ಆರಿಸಿಕೊಂಡರೆ ಈ ವಿಧಾನವೂ ಕೈಕೊಡುತ್ತದೆ.

ಈಗ ಫಿಕ್ಸೆಡ್ ಎಫೆಕ್ಟ್ಸ್‌ಗೆ ನಿಲುಕದ್ದು. `year` ಹಾಕಿದ್ದರಿಂದ ಇಡೀ ರಾಜ್ಯಕ್ಕೆ ಒಟ್ಟಿಗೆ ತಟ್ಟಿದ ಬೆಲೆ, ಬರ ಹೋಯಿತು. ಆದರೆ ಒಂದೇ ಜಿಲ್ಲೆಯಲ್ಲಿ, ಕಾಲದ ಜೊತೆ ಬದಲಾಗುವುದು ಹಾಗೆಯೇ ಉಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಗದ್ದೆಗಳಿಗೆ ಮಣ್ಣು ತುಂಬಿತು. ಅದು ಆ ವರ್ಷದ ಮಳೆಯಿಂದಲೇ ಆದದ್ದು, ಹಾಗಾಗಿ ಆ ವರ್ಷದ ನಷ್ಟ ಮಳೆಯ ಪರಿಣಾಮದ ಭಾಗವೇ. ಮಣ್ಣು ತುಂಬಿದ ಗದ್ದೆಯ ನಷ್ಟ ಮುಂದಿನ ವರ್ಷಕ್ಕೂ ಹರಿಯುತ್ತದೆ, ಅದನ್ನು ಆ ಮುಂದಿನ ವರ್ಷದ ಮಳೆ ವಿವರಿಸಲಾರದು. ಹಾಗಾಗಿ ಕೊಡಗಿನ 2019ರ ಸಾಲು ಬಿಟ್ಟು ಒಮ್ಮೆ, ಇಟ್ಟು ಒಮ್ಮೆ ಓಡಿಸಿ ಎರಡೂ ತೋರಿಸಿ. ಇನ್ನು ಕೂಲಿಯವರು ಸಿಗದೆ ಪಾಳು ಬಿಟ್ಟ ಗದ್ದೆ, ಶುಂಠಿಗೋ ಅಡಿಕೆಗೋ ತಿರುಗಿದ ಗದ್ದೆ ಇವೆ. ನಷ್ಟದ ಗದ್ದೆಗಳನ್ನು ಮೊದಲು ಬಿಟ್ಟರೆ ಉಳಿದವುಗಳ ಸರಾಸರಿ ಇಳುವರಿ ತಾನಾಗಿ ಏರುತ್ತದೆ. ಅದರಲ್ಲಿ ಮಳೆಯ ಪಾತ್ರವೇನೂ ಇಲ್ಲ. ಬಿತ್ತನೆಯಾದ ವಿಸ್ತೀರ್ಣವನ್ನೇ ಎಡಬದಿಗೆ ಇಟ್ಟು ಇನ್ನೊಂದು ರಿಗ್ರೆಷನ್ ಓಡಿಸಿದರೆ ಇದರ ಸುಳಿವು ಸಿಗುತ್ತದೆ.

ನಮ್ಮವರಿಗೆ ಮೊದಲು ಹೊಳೆಯಬೇಕಾದದ್ದು ಮಂಡ್ಯ. ಅಲ್ಲಿನ ಗದ್ದೆಗೆ ನೀರು ಬರುವುದು ಕನ್ನಂಬಾಡಿ ಕಟ್ಟೆಯಿಂದ, ಕಟ್ಟೆ ತುಂಬುವುದು ಬಹುಪಾಲು ಕೊಡಗಿನ ಮಳೆಗೆ. ಮಂಡ್ಯದ ಸಾಲಿನಲ್ಲಿ ಮಂಡ್ಯದ ಮಳೆ ಮಾತ್ರ ಇಟ್ಟರೆ ಅಲ್ಲಿನ ನಿಜವಾದ ನೀರು ಲೆಕ್ಕಕ್ಕೇ ಬರಲಿಲ್ಲ, ಅದು ವರ್ಷವರ್ಷವೂ ಬದಲಾಗುವುದರಿಂದ ಫಿಕ್ಸೆಡ್ ಎಫೆಕ್ಟ್ಸೂ ಹಿಡಿಯಲಾರದು. ನಾಲೆ ಜಿಲ್ಲೆಗಳಿಗೆ ಜಲಾಶಯದ ಮಟ್ಟದ ಒಂದು ಕಾಲಂ ಸೇರಿಸಿ. ಅದು ಸಿಗದಿದ್ದರೆ ಆ ಜಿಲ್ಲೆಗಳನ್ನು ಬಿಟ್ಟು, ಬಿಟ್ಟಿದ್ದೇವೆ ಎಂದು ಬರೆದು, ಮಳೆಯಾಶ್ರಿತ ಜಿಲ್ಲೆಗಳಿಗಷ್ಟೇ ಉತ್ತರ ಕೊಡಿ.